ಬಚ್ಚಲು ಗುಳುಗುಳು ಅಂದರೆ ಮಾಡಿನ ಮೇಲೆ ನೋಡಿ

ಪೆರ್ಲದ ಹತ್ತಿರ ನಮ್ಮ ಭಾವನ ಮನೆ. ಮಹಡಿಯ ಬಾತ್‌ರೂಮಿನಲ್ಲಿ ರಾತ್ರಿ ಹೊತ್ತು ಗುಳುಗುಳು ಸದ್ದು, ಆಮೇಲೆ ಕೊಳೆತ ಮೊಟ್ಟೆಯ ವಾಸನೆ. ಬೆಳಿಗ್ಗೆ ಎಲ್ಲರ ಸ್ನಾನ ಆದ ಮೇಲೆ ಹೋಗಿ ಮೂಸಿದರೆ ಏನೂ ಇಲ್ಲ! ಫಿನಾಯಿಲ್ ಸುರಿದರು, ನುಸಿಗುಳಿಗೆ ಹಾಕಿದರು. ಕೊನೆಗೆ ನೆಂಟರೊಬ್ಬರು "ರಾತ್ರಿ ಮಾತ್ರ ಅಂದರೆ ಸುಮ್ನೆ ಅಲ್ಲ, ಜೋಯಿಸರಲ್ಲಿ ಒಂದು ಪ್ರಶ್ನೆ ಇಡಿಸಿ" ಅಂದರಂತೆ. ಅದನ್ನು ಕೇಳಿ ನನಗೆ ತಡೆಯಲಿಲ್ಲ. ಟಾರ್ಚ್ ಹಿಡಿದು ಹೊರಟೆ.

ವಾಸನೆ ಎಲ್ಲಿಯದು ಅನ್ನುವುದರಲ್ಲಿ ಗುಟ್ಟೇನಿಲ್ಲ. ಸೆಪ್ಟಿಕ್ ಟ್ಯಾಂಕಿನಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಅದು. ಕೇಳಬೇಕಾದ ಪ್ರಶ್ನೆ ಬೇರೆ: ಇಷ್ಟು ದಿನ ಅದು ಒಳಗೆ ಬರದಂತೆ ತಡೆದಿದ್ದದ್ದು ಯಾವುದು? ಬರೀ 5 ಸೆಂಟಿಮೀಟರ್ ನೀರು. ಬಚ್ಚಲಿನ ಜಾಲರಿಯ ಕೆಳಗೆ ಪೈಪು ನೇರವಾಗಿ ಹೋಗುವುದಿಲ್ಲ. ಕೆಳಗಿಳಿದು, ಮತ್ತೆ ಮೇಲೆ ಹತ್ತಿ, ಆಮೇಲೆ ಆಚೆ ಹೋಗುತ್ತದೆ. ಆ ಬಾಗಿನಲ್ಲಿ ಯಾವಾಗಲೂ ಒಂದಿಷ್ಟು ನೀರು ನಿಂತಿರುತ್ತದೆ. ಇದೇ ಟ್ರ್ಯಾಪ್, ನಮ್ಮ ಪ್ಲಂಬರ್‌ಗಳ ಬಾಯಲ್ಲಿ ನಹಾನಿ ಟ್ರ್ಯಾಪ್. ನೀರು ದಾಟಬಹುದು, ಗಾಳಿ ದಾಟಲಾರದು. ತಿರುಗುವ ಭಾಗ ಒಂದೂ ಇಲ್ಲದ ಬಾಗಿಲು. 1775ರಲ್ಲಿ ಲಂಡನ್ನಿನಲ್ಲಿ ಇಂಥ ಬಾಗಿದ ಪೈಪಿರುವ ಪಾಯಿಖಾನೆಗೆ ಪೇಟೆಂಟ್ ತೆಗೆದುಕೊಂಡವನು ಅಲೆಕ್ಸಾಂಡರ್ ಕಮಿಂಗ್, ಕಸುಬಿನಲ್ಲಿ ಗಡಿಯಾರ ಮಾಡುವವನು! ಗಡಿಯಾರದವನ ತಲೆಯಿಂದ ಬಂದ ಈ ಬಾಗಿಗೆ ಕೀಲಿ ಕೊಡಬೇಕಾಗಿಲ್ಲ ಅನ್ನುವುದು ನನಗೆ ಬಹಳ ಇಷ್ಟವಾದ ವಿಷಯ.

ಆದರೆ 5 ಸೆಂಟಿಮೀಟರ್ ಅಂದರೆ ಎಷ್ಟು ಬಲ? ನಮ್ಮ ಸುತ್ತಲಿನ ಗಾಳಿಯ ಒತ್ತಡ ಸುಮಾರು 10 ಮೀಟರ್ ನೀರಿನ ಎತ್ತರಕ್ಕೆ ಸಮ. ಅದರ ಇನ್ನೂರರಲ್ಲಿ ಒಂದು ಪಾಲು ಈ 5 ಸೆಂಟಿಮೀಟರ್. ಪೈಪಿನೊಳಗಿನ ಒತ್ತಡ ಅಷ್ಟೇ ಅಷ್ಟು ಏರುಪೇರಾದರೂ ಬಾಗಿಲು ತೆರೆದುಕೊಳ್ಳುತ್ತದೆ. ಏರುಪೇರು ಮಾಡುವುದು ಯಾರು ಅಂದರೆ, ನಾವೇ, ಫ್ಲಶ್ ಒತ್ತಿದಾಗ.

ಇದನ್ನು ನಮ್ಮ ಕಡೆಯವರಿಗೆ ಹೇಳುವುದು ಸುಲಭ. ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗದಿಂದ ನೀರು ಟಾಂಕಿಗೆ ಬೀಳುತ್ತದೆ, ಟಾಂಕಿಯಿಂದ ತೋಟಕ್ಕೆ ಹೋಸ್ ಪೈಪು ಹಾಕುತ್ತೇವೆ. ಪೈಪು ಟಾಂಕಿಯ ಅಂಚನ್ನು ಹತ್ತಿ ಇಳಿಯಬೇಕು. ಕೆಳಗಿನ ತುದಿಗೆ ಬಾಯಿ ಹಾಕಿ ಎಳೆದರೆ ನೀರು ಅಂಚು ದಾಟಿ ಬರುತ್ತದೆ, ಒಮ್ಮೆ ಬಂತು ಅಂದರೆ ಟಾಂಕಿ ಬರಿದಾಗುವ ತನಕ ನಿಲ್ಲುವುದಿಲ್ಲ. ಸೈಫನ್. ಈಗ ಅದೇ ಪೈಪಿನ ನೆತ್ತಿಯಲ್ಲಿ, ಅಂಚಿನ ಮೇಲೆ ಬಾಗಿದ ಜಾಗದಲ್ಲಿ, ಒಂದು ತೂತು ಬಿದ್ದರೆ? ಎಷ್ಟು ಎಳೆದರೂ ಬರೀ ಗಾಳಿ. ತೋಟದಲ್ಲಿ ಆ ತೂತನ್ನು ಬೈಯುತ್ತೇವೆ, ಬಟ್ಟೆ ಸುತ್ತಿ ಮುಚ್ಚುತ್ತೇವೆ. ಬಚ್ಚಲಿನಲ್ಲಿ ನಮಗೆ ಬೇಕಾದದ್ದು ಅದೇ ತೂತು.

ಹೇಗೆ ಅಂದರೆ, ಟ್ರ್ಯಾಪಿನ ನೀರು ಟಾಂಕಿಯ ನೀರಿನ ಹಾಗೆ, ಬಾಗಿನ ಮೇಲಂಚು ಟಾಂಕಿಯ ಅಂಚಿನ ಹಾಗೆ, ಅದರಾಚೆ ಕೆಳಗಿಳಿಯುವ ದೊಡ್ಡ ಪೈಪು ಹೋಸಿನ ಹಾಗೆ. ಬಾಯಿ ಹಾಕಿ ಎಳೆಯುವ ಕೆಲಸ ಫ್ಲಶ್ಶಿನ ನೀರಿನದು. ಆರೋ ಎಂಟೋ ಲೀಟರ್ ನೀರು 4 ಇಂಚಿನ ಪೈಪಿನಲ್ಲಿ ಒಮ್ಮೆಗೇ ಧುಮುಕುವಾಗ ತನ್ನ ಜೊತೆ ಗಾಳಿಯನ್ನೂ ಎಳೆದುಕೊಂಡು ಹೋಗುತ್ತದೆ. ಹಿಂದೆ ಖಾಲಿಯಾದ ಜಾಗಕ್ಕೆ ಎಲ್ಲಿಂದಲಾದರೂ ಗಾಳಿ ಬರಲೇಬೇಕು. ಅದಕ್ಕೇ ಆ ಪೈಪನ್ನು ಮಾಡಿಗಿಂತ ಮೇಲಕ್ಕೆ ಎತ್ತಿ ಬಾಯಿ ತೆರೆದು ಬಿಡುವುದು. ಅದೇ ವೆಂಟ್ ಪೈಪು. ವಾಸನೆ ಹೊರಗೆ ಹೋಗಲಿ ಅಂತ ಮಾತ್ರ ಅದು ಇರುವುದು ಅಂತ ಹೆಚ್ಚಿನವರು ತಿಳಿದಿದ್ದಾರೆ. ಅರ್ಧ ನಿಜ ಅಷ್ಟೇ. ಅದರ ಇನ್ನೊಂದು ಕೆಲಸ ಗಾಳಿಯನ್ನು ಒಳಗೆ ತೆಗೆದುಕೊಳ್ಳುವುದು. ಆ ಬಾಯಿ ಮುಚ್ಚಿದರೆ ಪೈಪು ಉಸಿರಿಗಾಗಿ ಹುಡುಕುತ್ತದೆ, ಹತ್ತಿರದ ಟ್ರ್ಯಾಪ್ ಸಿಗುತ್ತದೆ, ಅದರ ನೀರನ್ನು ಸೀಳಿಕೊಂಡು ನಮ್ಮ ಬಾತ್‌ರೂಮಿನ ಗಾಳಿಯನ್ನೇ ಎಳೆಯುತ್ತದೆ. ಗುಳುಗುಳು ಅಂದರೆ ಆ ಸದ್ದು. ಬಾಟ್ಲಿಯನ್ನು ತಲೆಕೆಳಗು ಮಾಡಿದಾಗ ಬರುತ್ತದಲ್ಲ, ಅದರ ತಮ್ಮ.

ಭಾವನ ಮನೆಯಲ್ಲಿ ಮಾಡಿದ್ದು ಇಷ್ಟು. ಜಾಲರಿ ಎತ್ತಿ, ಹಿಡಿಸೂಡಿಯ ಒಂದು ಕಡ್ಡಿಯನ್ನು ಟ್ರ್ಯಾಪಿನ ತಳ ಮುಟ್ಟುವ ತನಕ ಇಳಿಸಿದೆ. ಒದ್ದೆಯಾದ ಗುರುತಿನಲ್ಲಿ ಚಿವುಟಿಟ್ಟೆ. "ಭಾವ, ಈಗ ಫ್ಲಶ್ ಮಾಡಿ" ಅಂದೆ. ಟಾರ್ಚಿನ ಬೆಳಕಿನಲ್ಲಿ ನೀರು ಸರ್ರನೆ ಇಳಿಯಿತು, ಗುಳುಕ್ ಅಂತ ಎರಡು ಗುಳ್ಳೆ, ಆಮೇಲೆ ಸ್ವಲ್ಪ ಮೇಲೆ ಬಂದು ನಿಂತಿತು. ಕಡ್ಡಿ ಇಳಿಸಿ ನೋಡಿದರೆ ಸುಮಾರು ಎರಡು ಬೆರಳಿನಷ್ಟು ನೀರು ಕಡಿಮೆ! ಎಳೆತಕ್ಕೆ ಸಿಕ್ಕಿ ಅಂಚು ದಾಟಿದ ನೀರು ವಾಪಸು ಬರುವುದಿಲ್ಲ, ಬಾಗಿನಲ್ಲಿ ಉಳಿದದ್ದು ಎರಡೂ ಕಡೆ ಹಂಚಿಕೊಂಡು ನಿಲ್ಲುತ್ತದೆ. ನೀರು ಹೀಗೆ ಇಳಿದರೆ ಎಳೆತ ಅಂತ ಅರ್ಥ. ಇಳಿಯುವ ಬದಲು ಮೇಲಕ್ಕೆ ಉಬ್ಬಿ ಗುಳ್ಳೆ ಬಂದರೆ ಅದು ಕೆಳಗಿನಿಂದ ಬರುವ ಒತ್ತಡ. ಆಗ ಮೊದಲು ಕೆಳಗಡೆ ಎಲ್ಲಿ ಕಟ್ಟಿಕೊಂಡಿದೆ ಅಂತ ಹುಡುಕಬೇಕು.

ರಾತ್ರಿಯ ಗುಟ್ಟೂ ಇಲ್ಲೇ ಬಯಲಾಯಿತು. ಬೆಳಿಗ್ಗೆ ಸ್ನಾನದ ನೀರು ಟ್ರ್ಯಾಪನ್ನು ಮತ್ತೆ ತುಂಬಿಸುತ್ತದೆ, ವಾಸನೆ ಮಾಯ. ಆಮೇಲೆ ದಿನವಿಡೀ ಬರೀ ಫ್ಲಶ್, ನೀರು ತುಂಬಿಸುವವರಿಲ್ಲ. ರಾತ್ರಿಗೆ ಬಾಗಿಲು ಅರ್ಧ ತೆರೆದ ಹಾಗೆಯೇ. ಸೆಪ್ಟಿಕ್ ಟ್ಯಾಂಕಿಗೆ ನೀರು ನುಗ್ಗಿದಾಗೆಲ್ಲ ಅಲ್ಲಿನ ಗಾಳಿ ಹಿಂದೆ ತಳ್ಳಿಸಿಕೊಂಡು ಈ ಅರ್ಧ ತೆರೆದ ಬಾಗಿಲಿನಿಂದಲೇ ಮೇಲೆ ಬರುತ್ತದೆ. ಕೆಳಗಿನ ಬಚ್ಚಲಿನಲ್ಲಿ ಈ ತೊಂದರೆ ಯಾಕಿಲ್ಲ ಅಂದರೆ ಅದರ ನೀರು ಬೇರೆ ಪೈಪಿನಲ್ಲಿ ಬಾಳೆಯ ಬುಡಕ್ಕೆ ಹೋಗುತ್ತದೆ. ಮಹಡಿಯಲ್ಲಿ ಮಾತ್ರ ಪೈಪು ಉಳಿಸಲು ಸ್ನಾನದ್ದನ್ನೂ ಕಮೋಡಿನದ್ದನ್ನೂ ಒಂದಕ್ಕೇ ಸೇರಿಸಿದ್ದರು. ಸೇರಿಸಿದ್ದು ತಪ್ಪೇನಲ್ಲ, ವೆಂಟ್ ಸರಿ ಇದ್ದರೆ.

ಸದ್ದೇ ಇಲ್ಲದೆ ವಾಸನೆ ಬರುವ ಮನೆಗಳೂ ಇವೆ. ಮಕ್ಕಳು ಊರಿಗೆ ಬಂದಾಗ ಮಾತ್ರ ಉಪಯೋಗಿಸುವ ಬಾತ್‌ರೂಮು ಇರುತ್ತದಲ್ಲ, ಅಲ್ಲಿ ಬೇಸಿಗೆಯಲ್ಲಿ ಟ್ರ್ಯಾಪಿನ ನೀರು ಆರಿಯೇ ಹೋಗುತ್ತದೆ. ಇದು ಬರೀ ಮೂಗಿನ ಮಾತಲ್ಲ. 2003ರಲ್ಲಿ ಹಾಂಗ್‌ಕಾಂಗಿನ ಅಮೋಯ್ ಗಾರ್ಡನ್ಸ್ ಎಂಬ ವಸತಿ ಸಮುಚ್ಚಯದಲ್ಲಿ 300ಕ್ಕೂ ಜಾಸ್ತಿ ಜನರಿಗೆ ಸಾರ್ಸ್ ಬಂತು. ಆರಿದ ನೆಲದ ಟ್ರ್ಯಾಪುಗಳ ಮೂಲಕ, ಬಾತ್‌ರೂಮಿನ ಎಕ್ಸಾಸ್ಟ್ ಫ್ಯಾನಿನ ಎಳೆತಕ್ಕೆ ಸೋಂಕಿನ ಹನಿಗಳು ಮನೆಯೊಳಗೆ ಬಂದಿರಬೇಕು ಅಂತ ತನಿಖೆ ಮಾಡಿದವರು ಹೇಳಿದರು. ಔಷಧಿ ಒಂದು ಚೊಂಬು ನೀರು. ತಿಂಗಳುಗಟ್ಟಲೆ ಬಿಟ್ಟುಹೋಗುವುದಾದರೆ ಮೇಲಿಂದ ಸ್ವಲ್ಪ ಎಣ್ಣೆ, ಆರುವುದು ನಿಧಾನವಾಗುತ್ತದೆ.

ಭಾವನ ಮನೆಗೆ ಬರೋಣ. ಟೆರೇಸಿಗೆ ಹತ್ತಿದೆವು. ಎರಡು ವರ್ಷದ ಹಿಂದೆ ಮಳೆಗೆ ಅಂತ ಶೀಟಿನ ಮಾಡು ಹಾಕಿಸಿದ್ದಾರೆ, ಅಡಿಯಲ್ಲಿ ಅಡಿಕೆ ಚೀಲ, ತೆಂಗಿನಕಾಯಿ ರಾಶಿ. ಮೂಲೆಯಲ್ಲಿ ವೆಂಟ್ ಪೈಪು ಮೊಣಕಾಲಿನ ಎತ್ತರಕ್ಕೆ ನಿಂತಿತ್ತು. ಶೀಟಿಗೆ ಅಡ್ಡ ಬರುತ್ತದೆ ಅಂತ ಕೊಯ್ದು, ಅಡಿಕೆಗೆ ವಾಸನೆ ಹಿಡಿಯಬಾರದು ಅಂತ ನೀಟಾಗಿ ಎಂಡ್ ಕ್ಯಾಪ್ ಅಂಟಿಸಿದ್ದಾರೆ. "ಸದ್ದು ಶುರುವಾದದ್ದು ಯಾವಾಗ?" ಅಂತ ಕೇಳಿದೆ. ಭಾವ ಶೀಟನ್ನೊಮ್ಮೆ ನೋಡಿದರು, ಪೈಪನ್ನೊಮ್ಮೆ ನೋಡಿದರು.

ಹ್ಯಾಕ್ಸಾದಲ್ಲಿ ಕ್ಯಾಪಿನ ಕೆಳಗೆ ಕೊಯ್ದೆವು. ಭಾವ ಪೈಪಿನ ಬಾಯಿಯ ಮೇಲೆ ಅಂಗೈ ಇಟ್ಟರು, ಕೆಳಗಿನಿಂದ ಅಕ್ಕ ಫ್ಲಶ್ ಒತ್ತಿದಳು. "ಎಳೀತದೆ ಮಾರಾಯ!" ಅಂದರು. ಮರುವಾರ ಪೈಪನ್ನು ಶೀಟಿನಿಂದ ಎರಡಡಿ ಮೇಲಕ್ಕೆ ದಾಟಿಸಿ, ಸೊಳ್ಳೆ ಹೋಗದಂತೆ ಬಲೆ ಕಟ್ಟಿ, ಟೊಪ್ಪಿ ಇಟ್ಟರು. ಕಡ್ಡಿ ಇಳಿಸಿ ನೋಡಿದೆ, ಮೂರು ಫ್ಲಶ್ ಆದರೂ ನೀರು ಗುರುತಿನಲ್ಲೇ ಇತ್ತು. ಆ ಬಲೆಯನ್ನು ಮಾತ್ರ ವರ್ಷಕ್ಕೊಮ್ಮೆ ನೋಡಬೇಕು. ಕಣಜ ಗೂಡು ಕಟ್ಟಿದರೆ ಅದೂ ಎಂಡ್ ಕ್ಯಾಪೇ.