ಕೂಡುತ್ತಾ ಹೋಗುವ ಮೊತ್ತ ಇಳಿಯಬಾರದು, ಅಲ್ವಾ?

ದಾವಣಗೆರೆಯಲ್ಲಿ ಅಂಗಡಿಗಳ ಲೆಕ್ಕ ಬರೆಯುವುದು ನನ್ನ ಕೆಲಸ. ಹೋದ ತಿಂಗಳು ವಿದ್ಯಾನಗರದ ಮೇಷ್ಟ್ರೊಬ್ಬರು ಮನೆ ಖರ್ಚಿನ ಎಕ್ಸೆಲ್ ಶೀಟ್ ತಂದಿದ್ದರು. "ಸಾರ್, ಖರ್ಚು ಕೂಡ್ತಾ ಹೋದ್ರೆ ಮೊತ್ತ ಏರ್ಬೇಕು. ಇಲ್ಲಿ ಇಳಿದಿದೆ ನೋಡಿ" ಅಂದರು.

ಅವರ ಶೀಟಿನಲ್ಲಿ A ಕಾಲಂ ತಾರೀಖು, B ವಿವರ, C ಹಣ, D ಅಲ್ಲಿವರೆಗಿನ ಮೊತ್ತ. ಬಾಡಿಗೆ 8000, ದಿನಸಿ 3200, ಗ್ಯಾಸ್ 900, ತರಕಾರಿ 600. ಕೊನೆಗೆ 12,700. ಎಲ್ಲ ಸರಿ. D3ಯಲ್ಲಿ ಅವರು ಹಾಕಿದ್ದ ಸೂತ್ರ ಇದು:

```
=D2+C3
```

ಮೇಲಿನ ಮೊತ್ತಕ್ಕೆ ಈ ಸಾಲಿನ ಹಣ ಕೂಡು, ಅಷ್ಟೇ. ಆಮೇಲೆ 1150 ರೂಪಾಯಿಯ ಬೆಸ್ಕಾಂ ಬಿಲ್ ಬರೆಯಲು ಮರೆತದ್ದು ನೆನಪಾಯಿತು. ದಿನಸಿ ಮತ್ತು ಗ್ಯಾಸ್ ನಡುವೆ ಹೊಸ ಸಾಲು ಸೇರಿಸಿ, ಸೂತ್ರವನ್ನೂ ಎಳೆದರು. ಆ ಸಾಲಿನಲ್ಲಿ 12,350 ಬಂತು. ಕೆಳಗಿನ ಗ್ಯಾಸ್ ಸಾಲಿನಲ್ಲಿ ಮಾತ್ರ ಹಳೆಯ 12,100 ಹಾಗೇ ಇತ್ತು. ಯಾಕೆಂದರೆ ಗ್ಯಾಸ್ ಸಾಲಿನ ಸೂತ್ರ ಇನ್ನೂ ದಿನಸಿಯ ಮೊತ್ತವನ್ನೇ ಹಿಡಿದುಕೊಂಡಿತ್ತು. ಹೊಸ ಸಾಲು ಅದರ ಲೆಕ್ಕಕ್ಕೇ ಇಲ್ಲ. ಕರೆಂಟ್ ಬಿಲ್ ಗ್ಯಾಸ್‌ಗಿಂತ ಜಾಸ್ತಿ ಇದ್ದದ್ದಕ್ಕೆ ಮೊತ್ತ ಇಳಿದು ಕಣ್ಣಿಗೆ ಬಿತ್ತು. ಬಿಲ್ 700 ಆಗಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಅದಕ್ಕೆ ನಾನು D2ಯಲ್ಲಿ ಹೀಗೆ ಬರೆದು ಕೆಳಗೆ ಎಳೆಯುತ್ತೇನೆ:

```
=IF(C2="","",SUM($C$2:C2))
```

ಡಾಲರ್ ಗುರುತು ಮೊದಲ C2ವನ್ನು ಕಟ್ಟಿಹಾಕುತ್ತದೆ. ಎರಡನೆಯದು ಸಾಲಿನ ಜೊತೆ ಇಳಿಯುತ್ತದೆ. ಹಾಗಾಗಿ ಪ್ರತಿ ಸಾಲೂ ಒಂದನೇ ತಾರೀಖಿನಿಂದಲೇ ಹೊಸದಾಗಿ ಕೂಡುತ್ತದೆ. ನಡುವೆ ಸಾಲು ಸೇರಿಸಿದರೆ ಕೆಳಗಿನವೆಲ್ಲ ತಾವೇ ಹಿಗ್ಗುತ್ತವೆ. ಹೊಸ ಸಾಲಿಗೆ ಮಾತ್ರ ಸೂತ್ರ ಎಳೆದರಾಯಿತು. ಮೇಷ್ಟ್ರ ಕೊನೆಯ ಮೊತ್ತ 13,850 ಆಯಿತು. IF ಇರುವುದು ಬರೆಯದ ಸಾಲುಗಳು ಖಾಲಿ ಕಾಣಲಿ ಅಂತ. ಒಂದು ಎಚ್ಚರಿಕೆ: ಎಲ್ಲಕ್ಕಿಂತ ಮೇಲೆ, ಅಂದರೆ ಬಾಡಿಗೆಗೂ ಮುಂಚೆ, ಸಾಲು ಸೇರಿಸಬೇಡಿ. ಆಗ ಕಟ್ಟಿಹಾಕಿದ C2 ಕೂಡ ಕೆಳಗೆ ಸರಿದು ಹೊಸ ಸಾಲು ಹೊರಗುಳಿಯುತ್ತದೆ.

ಈ ಸೂತ್ರಕ್ಕೂ ಒಂದು ಕೆಟ್ಟ ಗುಣ ಇದೆ. ಚೀಟಿಯಲ್ಲಿ ಬರೆಯುವ ಅಭ್ಯಾಸದಿಂದ ನಾವು 450/- ಅಂತ ಟೈಪ್ ಮಾಡುತ್ತೇವೆ. ಎಕ್ಸೆಲ್‌ಗೆ ಅದು ಸಂಖ್ಯೆ ಅಲ್ಲ, ಬರಹ. ಹಳೆಯ ಕೂಡುವ ಸೂತ್ರ ಆದರೆ `#VALUE!` ಅಂತ ಕೂಗಿಕೊಳ್ಳುತ್ತದೆ. SUM ಸುಮ್ನೆ ಅದನ್ನು ಬಿಟ್ಟು ಮುಂದೆ ಹೋಗುತ್ತದೆ. ಭಾನುವಾರದ ಬೆಣ್ಣೆ ದೋಸೆ ಪುಕ್ಕಟೆ! ಇಂಥ ಅಂಕಿ ತನ್ನ ಚೌಕದ ಎಡಕ್ಕೆ ಅಂಟಿಕೊಂಡಿರುತ್ತದೆ, ನಿಜವಾದ ಸಂಖ್ಯೆ ಬಲಕ್ಕೆ. ಕಣ್ಣನ್ನು ನಂಬದವರು ಪಕ್ಕದ ಖಾಲಿ ಚೌಕದಲ್ಲಿ ಇದನ್ನು ಹಾಕಿ:

```
=COUNTA(C2:C60)-COUNT(C2:C60)
```

ಉತ್ತರ ಸೊನ್ನೆ ಬರಬೇಕು. 1 ಬಂದರೆ ಒಂದು ಖರ್ಚು ಮೊತ್ತಕ್ಕೆ ಸೇರಿಲ್ಲ. ಅದನ್ನು ಹುಡುಕಿ, ಗೀಟು ತೆಗೆದು ಬರೀ 450 ಬರೆಯಿರಿ.