2,040 ರೂಪಾಯಿ ಯಾರಿಗೆ ಹೋಯಿತು?

ಉಡುಪಿಯ ಕುಂಜಿಬೆಟ್ಟಿನಲ್ಲಿ ನಮ್ಮ ನೆರೆಯವರಾದ ನಿವೃತ್ತ ಮಾಸ್ಟ್ರು ಏಪ್ರಿಲ್ ಕೊನೆಗೆ ಒಂದು ಕಾಗದ ಹಿಡಿದು ಬಂದರು. ಒಂದು ಲಕ್ಷ ಮುಖಬೆಲೆಯ ಸರಕಾರಿ ಬಾಂಡ್ ಕೊಂಡಿದ್ದರು. "ನೂರಕ್ಕೆ 101.50 ಎಂದು ದರ ಇತ್ತು. ಖಾತೆಯಿಂದ 1,03,540 ಹೋಗಿದೆ. ಹೆಚ್ಚಿನ 2,040 ಯಾರು ತೆಗೆದುಕೊಂಡರು?"

ಮಾರಿದವರು ತೆಗೆದುಕೊಂಡರು, ಮತ್ತು ಅದು ಅವರಿಗೆ ಸಲ್ಲಬೇಕಾದ ಹಣವೇ. ಈ ಬಾಂಡಿಗೆ ವರ್ಷಕ್ಕೆ ಶೇ 7.20 ಬಡ್ಡಿ, ಜನವರಿ 15 ಮತ್ತು ಜುಲೈ 15ರಂದು 3,600ರ ಎರಡು ಕಂತು. ಬಡ್ಡಿ ದಿನವೂ ಬೆಳೆಯುತ್ತದೆ, ಕೈಗೆ ಸಿಗುವುದು ಆ ಎರಡು ದಿನ ಮಾತ್ರ. ಕಂತಿನ ಹೊತ್ತಿಗೆ ಬಾಂಡ್ ಯಾರಲ್ಲಿದೆಯೋ ಪೂರ್ತಿ ಹಣ ಅವರಿಗೆ. ಹಾಗಾಗಿ ನಡುವೆ ಮಾರುವವರು ಅಲ್ಲಿಯವರೆಗಿನ ತಮ್ಮ ಪಾಲನ್ನು ಕೊಳ್ಳುವವರಿಂದಲೇ ಪಡೆಯುತ್ತಾರೆ. ಗೊನೆ ಬಿಟ್ಟ ಅಡಕೆ ತೋಟ ಮಾರುವಾಗ ತೋಟಕ್ಕೊಂದು ಬೆಲೆ, ಮರದಲ್ಲಿರುವ ಫಸಲಿಗೊಂದು ಬೆಲೆ ಎಂದು ಮಾತಾಡಿಕೊಂಡ ಹಾಗೆ.

ಮಾಸ್ಟ್ರ ಕಾಗದದ ಹಿಂಬದಿಯಲ್ಲೇ ಲೆಕ್ಕ ಹಾಕಿದೆವು. ನಮ್ಮ ಸರಕಾರಿ ಬಾಂಡುಗಳಲ್ಲಿ ತಿಂಗಳಿಗೆ 30 ದಿನ, ವರ್ಷಕ್ಕೆ 360 ದಿನ ಎಂದು ಎಣಿಸುತ್ತಾರೆ. ವ್ಯವಹಾರ ಚುಕ್ತಾ ಆದದ್ದು ಏಪ್ರಿಲ್ 27ರಂದು. ಜನವರಿ 15ರಿಂದ ಮೂರು ತಿಂಗಳು ಹನ್ನೆರಡು ದಿನ, ಅಂದರೆ 102 ದಿನ. ನೂರು ರೂಪಾಯಿಗೆ ದಿನಕ್ಕೆ ಎರಡು ಪೈಸೆ, ಒಟ್ಟು 2.04. ಇದು ಸಂಚಿತ ಬಡ್ಡಿ. ಪರದೆಯಲ್ಲಿ ಕಂಡ 101.50 ಕ್ಲೀನ್ ಪ್ರೈಸ್, ಎರಡೂ ಕೂಡಿದ 103.54 ಡರ್ಟಿ ಪ್ರೈಸ್. ಜುಲೈಯಲ್ಲಿ ಮಾಸ್ಟ್ರಿಗೆ 3,600 ಬರುತ್ತದೆ; ಅದರಲ್ಲಿ 2,040 ಅವರು ಮುಂಗಡ ಕೊಟ್ಟದ್ದು, ಉಳಿದ 1,560 ಅವರ 78 ದಿನಗಳ ಗಳಿಕೆ.

"ಹಾಗಾದರೆ ಮೊದಲೇ 103.54 ಎಂದು ತೋರಿಸಬಹುದಿತ್ತಲ್ಲ?" ಪ್ರಶ್ನೆ ಸರಿಯಾದದ್ದು. ಡರ್ಟಿ ಪ್ರೈಸ್ ದಿನಕ್ಕೆ ಎರಡು ಪೈಸೆಯಂತೆ ಏರುತ್ತಾ ಹೋಗಿ ಕಂತಿನ ದಿನ ಒಮ್ಮೆಲೇ 3.60 ಕುಸಿಯುತ್ತದೆ, ಅದರ ನಕ್ಷೆ ಗರಗಸದ ಹಲ್ಲಿನಂತಿರುತ್ತದೆ. ಮಾರುಕಟ್ಟೆಯ ಬಡ್ಡಿದರ ಕದಲದಿದ್ದರೂ ಬಾಂಡ್ ದುಬಾರಿಯಾಯಿತು, ಅಗ್ಗವಾಯಿತು ಎಂಬ ಭ್ರಮೆ ಹುಟ್ಟುತ್ತದೆ. ಆ ಏರಿಳಿತವನ್ನು ಕಳೆದು ಉಳಿದದ್ದೇ ಕ್ಲೀನ್ ಪ್ರೈಸ್. ಎರಡು ಬಾಂಡುಗಳನ್ನು ಹೋಲಿಸುವಾಗ ಒಂದರ ಕ್ಲೀನ್ ಪ್ರೈಸನ್ನು ಇನ್ನೊಂದರ ಡರ್ಟಿ ಪ್ರೈಸಿನೊಂದಿಗೆ ಇಟ್ಟರೆ ಲೆಕ್ಕ ಪೂರ್ತಿ ದಾರಿ ತಪ್ಪುತ್ತದೆ.

ಆದರೂ ಈ ಕಳೆಯುವಿಕೆ ಅಚ್ಚುಕಟ್ಟಲ್ಲ. ಸಂಚಿತ ಬಡ್ಡಿಯನ್ನು ಸರಳ ಬಡ್ಡಿಯಂತೆ ಎಣಿಸುತ್ತಾರೆ, ಬಾಂಡಿನ ಬೆಲೆಯನ್ನೋ ಚಕ್ರಬಡ್ಡಿಯಿಂದ ಕಟ್ಟುತ್ತಾರೆ. ಮಾರುಕಟ್ಟೆಯೂ ಸರಿಯಾಗಿ ಶೇ 7.20ನ್ನೇ ಕೇಳುತ್ತಿದ್ದರೆ, ಕಂತಿನ ದಿನ 100 ಇರುವ ಕ್ಲೀನ್ ಪ್ರೈಸ್ ಎರಡು ಕಂತುಗಳ ನಡುವೆ 99.984ರ ಆಸುಪಾಸಿಗೆ ಇಳಿದು ಮತ್ತೆ ಮೇಲೇರುತ್ತದೆ. ದಿನಗಳ ಎಣಿಕೆಯಲ್ಲೂ ಒಂದು ವಿಚಿತ್ರವಿದೆ. ಫೆಬ್ರವರಿಗೂ 30 ದಿನ ಎಂದು ಹಿಡಿಯುವುದರಿಂದ, 28ರಿಂದ ಮಾರ್ಚ್ 1ಕ್ಕೆ ಒಂದೇ ರಾತ್ರಿಯಲ್ಲಿ ಮೂರು ದಿನದ ಬಡ್ಡಿ, ಮಾಸ್ಟ್ರ ಬಾಂಡಿಗೆ ಅರವತ್ತು ರೂಪಾಯಿ, ಸೇರಿಕೊಳ್ಳುತ್ತದೆ.