ಜಗಳ ಪುಸ್ತಕದ್ದಲ್ಲ, ನಾಲ್ಕು ಪದದ್ದು

ತೀರ್ಥಹಳ್ಳಿ ಕಡೆ ಒಂದು ಮನೇಲಿ ಮಗನ ಉಪನಯನ ಇತ್ತು. ಬಂದೋರಿಗೆ ಮಂತ್ರದ ಅರ್ಥ ಕನ್ನಡದಲ್ಲಿ ಗೊತ್ತಾಗ್ಲಿ, ಒಂದು ಸಣ್ಣ ಪುಸ್ತಕ ಮಾಡಿಕೊಡಿ ಅಂತ ಮನೆಯವರು ನನ್ನ ಹತ್ರ ಬಂದಿದ್ರು. ಶಿವಮೊಗ್ಗದಲ್ಲಿ ಕೂತು ಸಂಸ್ಕೃತ, ಇಂಗ್ಲಿಷಿಂದ ಕನ್ನಡಕ್ಕೆ ಅನುವಾದ ಮಾಡೋದೇ ನನ್ನ ಹೊಟ್ಟೆಪಾಡು, ಒಪ್ಕೊಂಡೆ. ನಲವತ್ತು ಪುಟ ಆಯ್ತು. ಪ್ರಿಂಟಿಗೆ ಕೊಡೋಕೆ ಮುಂಚೆ ಪುರೋಹಿತರಿಗೆ ಒಂದ್ಸಲ ತೋರ್ಸೋಣ ಅಂತ ಹೋದ್ವಿ. ಅಂಗಳದಲ್ಲಿ ಅಡಿಕೆ ಹರವಿತ್ತು, ಭಟ್ರು ಜಗಲಿ ಮೇಲೆ ಕೂತು ಪೆನ್ಸಿಲ್ ಹಿಡ್ಕೊಂಡು ಒಂದೂ ಪುಟ ಬಿಡದೆ ಓದಿದ್ರು. ಗಾಯತ್ರಿ ಅರ್ಥ ಕನ್ನಡದಲ್ಲಿ ಹಾಕಿದ್ದಕ್ಕೆ ಬೇಜಾರು ಮಾಡ್ಕೋಬಹುದು ಅಂತ ನನಗೆ ಅಳುಕಿತ್ತು, ಅದಕ್ಕೆ ಅವರು ಏನೂ ಅನ್ಲಿಲ್ಲ. ಇಡೀ ಪುಸ್ತಕದಲ್ಲಿ ಅವರು ಸುತ್ತು ಹಾಕಿದ್ದು ಒಂದೇ ಪದಕ್ಕೆ, ಅದು ಬಂದಲ್ಲೆಲ್ಲ. "ಅಲ್ಲ ಮಾರಾಯ್ರೆ, ಪ್ರಾಯಶ್ಚಿತ್ತಕ್ಕೆ ನೀವು ತಪ್ಪು ತಿದ್ದಿಕೊಳ್ಳುವುದು ಅಂತ ಬರ್ದೀರಲ್ಲ, ಹಾಗಾದ್ರೆ ನಾನು ಮಾಡ್ಸೋ ಹೋಮ ಯಾತಕ್ಕೆ?" ಅಂದ್ರು.

ಭಟ್ರ ಪ್ರಶ್ನೆಗೆ ಆಮೇಲೆ ಬರ್ತೀನಿ, ಯಾಕಂದ್ರೆ ಇದೇ ಪ್ರಶ್ನೆನ ಹೆಚ್ಚುಕಡಿಮೆ ಐನೂರು ವರ್ಷದ ಹಿಂದೆ ಇಂಗ್ಲೆಂಡಲ್ಲಿ ಕೇಳಿದ್ರು, ಆ ಜಗಳದಲ್ಲಿ ಒಬ್ಬ ಅನುವಾದಕನ ಜೀವಾನೇ ಹೋಯ್ತು. ಧರ್ಮಗ್ರಂಥ ಜನರ ಭಾಷೆಗೆ ಬರೋದನ್ನ ಧರ್ಮಾಧಿಕಾರಿಗಳು ತಡೆದ್ರು ಅಂತ ನಾವೆಲ್ಲ ಸಲೀಸಾಗಿ ಹೇಳ್ತೀವಿ, ಅದು ಸುಳ್ಳಲ್ಲ. ಆದ್ರೆ ಜರ್ಮನ್ ಭಾಷೇಲಿ ಬೈಬಲ್ 1466ರಲ್ಲೇ ಸ್ಟ್ರಾಸ್‌ಬರ್ಗ್‌ನಲ್ಲಿ ಪ್ರಿಂಟ್ ಆಗಿತ್ತು, ಚರ್ಚಿನ ವಿರುದ್ಧ ಎದ್ದ ಜರ್ಮನ್ ಪಾದ್ರಿ ಲೂಥರ್ ಇನ್ನೂ ಹುಟ್ಟೇ ಇರ್ಲಿಲ್ಲ, ಅವನು ಅನುವಾದ ಮಾಡೋ ಹೊತ್ತಿಗೆ ಒಂದಲ್ಲ ಎರಡಲ್ಲ ಹದಿನೆಂಟು ಆವೃತ್ತಿ ಬಂದು ಹೋಗಿತ್ತು. ಅವೆಲ್ಲ ಚರ್ಚ್ ಬಳಸ್ತಿದ್ದ ಲ್ಯಾಟಿನ್ ಬೈಬಲಿಂದ ಮಾಡಿದ್ದು, ಲ್ಯಾಟಿನ್ ಪದ ಎಲ್ಲಿತ್ತೋ ಅದೇ ಜಾಗದಲ್ಲಿ ಜರ್ಮನ್ ಪದ ಕೂತಿತ್ತು ಅಷ್ಟೆ. ಹಾಗಾಗಿ ಬರೀ ಭಾಷೆಯ ಭಯ ಅಂದ್ರೆ ಪೂರ್ತಿ ಲೆಕ್ಕ ಸಿಗಲ್ಲ, ಯಾವ ಪದ ಅಲ್ಲಾಡ್ತು ಅಂತ ನೋಡ್ಬೇಕು.

ಇಂಗ್ಲೆಂಡಲ್ಲಿ ಪರಿಸ್ಥಿತಿ ಬಿಗಿ ಇತ್ತು. ಬಿಷಪ್ಪರ ಒಪ್ಪಿಗೆ ಇಲ್ಲದೆ ಬೈಬಲಿನ ಯಾವ ಭಾಗಾನೂ ಇಂಗ್ಲಿಷಿಗೆ ತರೋ ಹಾಗಿಲ್ಲ ಅಂತ 1409ರಿಂದ್ಲೇ ಆರ್ಚ್‌ಬಿಷಪ್ ಅರಂಡೆಲ್ ಮಾಡಿದ ನಿಯಮ ಇತ್ತು. ಬೈಬಲನ್ನ ಇಂಗ್ಲಿಷಿಗೆ ತರ್ಬೇಕು ಅಂತ ಹೊರಟ ವಿಲಿಯಂ ಟಿಂಡೇಲ್ ಆ ನಿಯಮಕ್ಕೆ ತಲೆಬಾಗಿ 1523ರಲ್ಲಿ ಲಂಡನ್ ಬಿಷಪ್ ಟನ್‌ಸ್ಟಾಲ್ ಹತ್ರ ಆಶ್ರಯ ಕೇಳಿದ, ಸಿಗ್ಲಿಲ್ಲ. ಮಾರನೇ ವರ್ಷ ಜರ್ಮನಿಗೆ ಹೋದ. 1525ರಲ್ಲಿ ಕಲೋನ್ ಊರಲ್ಲಿ ಪ್ರಿಂಟಿಂಗ್ ಶುರುವಾಗಿ ಮತ್ತಾಯನ ಸುವಾರ್ತೆ 22ನೇ ಅಧ್ಯಾಯದ ತನಕ ಬಂದಿತ್ತು, ಅಷ್ಟರಲ್ಲಿ ಕಾಕ್ಲಿಯಸ್ ಅನ್ನೋ ವಿರೋಧಿ ಪಂಡಿತ ಪ್ರೆಸ್ಸಿನ ಕೆಲಸಗಾರರಿಗೆ ವೈನ್ ಕುಡ್ಸಿ ಬಾಯಿ ಬಿಡ್ಸಿದ, ಅಧಿಕಾರಿಗಳಿಗೆ ಹೇಳಿದ. ಟಿಂಡೇಲ್ ಪ್ರಿಂಟಾದ ಹಾಳೆ ಎತ್ಕೊಂಡು ದೋಣಿ ಹತ್ತಿ ವರ್ಮ್ಸ್‌ಗೆ ಓಡಿದ. 1526ರಲ್ಲಿ ಅಲ್ಲಿ ಬೈಬಲಿನ ಎರಡನೇ ಭಾಗ ಹೊಸ ಒಡಂಬಡಿಕೆ ಪೂರ್ತಿ ಬಂತು, ಬಟ್ಟೆ ಮೂಟೆಗಳ ಒಳಗೆ ಅಡಗಿ ಇಂಗ್ಲೆಂಡ್ ಬಂದರಿಗೆ ಇಳೀತು, ಅದೇ ವರ್ಷ ಟನ್‌ಸ್ಟಾಲ್ ಅದನ್ನ ಸುಡ್ಸಿದ. ಆ ಆವೃತ್ತಿದು ಈಗ ಜಗತ್ತಲ್ಲಿ ಉಳಿದಿರೋದು ಮೂರೇ ಪ್ರತಿ.

ನನ್ನಂಥ ಅನುವಾದಕರಿಗೆ ಬೇಕಾದ ವಿಷಯ ಇರೋದು ಆಮೇಲೆ. 1529ರಲ್ಲಿ ಚರ್ಚಿನ ಪರ ನಿಂತ ಇಂಗ್ಲಿಷ್ ಪಂಡಿತ ಥಾಮಸ್ ಮೋರ್ ಈ ಅನುವಾದದ ವಿರುದ್ಧ ಬರೆದ, ಪದ ಪದ ಎತ್ತಿ ತೋರ್ಸಿದ. ಟಿಂಡೇಲ್ ಗ್ರೀಕ್ ಮೂಲದಿಂದ ಮಾಡಿದ್ದ, ಎರಾಸ್ಮಸ್ ಅನ್ನೋ ಪಂಡಿತ 1516ರಲ್ಲಿ ಗ್ರೀಕ್ ಪಠ್ಯ ಪ್ರಿಂಟ್ ಮಾಡಿದ್ರಿಂದ ಅದು ಸಾಧ್ಯ ಆಗಿತ್ತು. ಗ್ರೀಕಿನ 'ಎಕ್ಲೇಸಿಯ' ಅನ್ನೋದಕ್ಕೆ ಅವನು ಚರ್ಚ್ ಅನ್ಲಿಲ್ಲ, ಕಾಂಗ್ರೆಗೇಶನ್ ಅಂದ, ಅಂದ್ರೆ ಸೇರಿದ ಜನ. 'ಪ್ರೆಸ್ಬುತೆರೊಸ್' ಅನ್ನೋದಕ್ಕೆ ಪ್ರೀಸ್ಟ್ ಬಿಟ್ಟು ಸೀನಿಯರ್ ಅಂದ. 'ಅಗಾಪೆ'ಗೆ ಚಾರಿಟಿ ಬದ್ಲು ಲವ್. 'ಮೆತಾನೊಇಯ'ಗೆ ಪೆನನ್ಸ್ ಬದ್ಲು ರಿಪೆಂಟೆನ್ಸ್. ಮೋರ್ ಹಿಡಿದ ಪದ ಇನ್ನೂ ಇವೆ, ಆದ್ರೆ ಈ ನಾಲ್ಕೇ ಮುಖ್ಯ.

ಇದ್ರಲ್ಲಿ ಕೊನೇದನ್ನ ಸ್ವಲ್ಪ ಬಿಡಿಸಿ ನೋಡೋಣ. ಮತ್ತಾಯ 3:2ರಲ್ಲಿ ಸ್ನಾನಿಕ ಯೋಹಾನ ಜನಕ್ಕೆ ಕೂಗಿ ಹೇಳೋದು 'ಮೆತಾನೊಐತೆ'. 'ಮೆತಾ' ಅಂದ್ರೆ ಇಲ್ಲಿ ಬದಲಾಗೋದು, 'ನೂಸ್' ಅಂದ್ರೆ ಮನಸ್ಸು, ಮನಸ್ಸು ಬದಲಾಯಿಸ್ಕೊಳ್ಳಿ ಅಂತ. ಲ್ಯಾಟಿನ್ ಬೈಬಲಲ್ಲಿ ಇದು 'ಪೆನಿತೆನ್ಶಿಯಂ ಅಗಿತೆ' ಆಗಿತ್ತು, ಪೆನಿತೆನ್ಶಿಯ ಮಾಡಿ ಅಂತ. ಮೊದಮೊದ್ಲು ಅದೂ ಪಶ್ಚಾತ್ತಾಪ ಅನ್ನೋ ಅರ್ಥದ್ದೇ, ಆದ್ರೆ ನೂರಾರು ವರ್ಷ ಕಳೀತಾ ಅದೇ ಪದ ಚರ್ಚಿನ ಒಂದು ಸಂಸ್ಕಾರದ ಹೆಸರಾಯ್ತು: ಪಾದ್ರಿ ಮುಂದೆ ಪಾಪ ಹೇಳ್ಕೋಬೇಕು, ಪಾದ್ರಿ ಕ್ಷಮೆ ಉಚ್ಚರಿಸ್ಬೇಕು, ಅವರು ವಿಧಿಸಿದ್ದನ್ನ ಮಾಡಿ ತೀರಿಸ್ಬೇಕು. ಆ ತೀರಿಸೋದಕ್ಕೆ ವಿನಾಯಿತಿ ಅಂತ ಬಂದಿದ್ದೇ ಇಂಡಲ್ಜೆನ್ಸ್ ಪತ್ರ, ಅದು ದುಡ್ಡಿಗೆ ಮಾರಾಟ ಆಗೋ ತನಕ ಹೋಯ್ತು. ಲೂಥರ್ 1517ರಲ್ಲಿ ಬರೆದ 95 ವಾದಗಳು ಶುರುವಾಗೋದೇ ಈ ಪದದಿಂದ, ಎರಡನೇ ವಾದದಲ್ಲೇ ಇದು ಪಾದ್ರಿ ನಡೆಸೋ ಸಂಸ್ಕಾರದ ಮಾತಲ್ಲ ಅಂದ. ಇಷ್ಟೆಲ್ಲ ಭಾರ ಹೊತ್ತ ಕಂಬ ಅದು. ಟಿಂಡೇಲ್ ಅದನ್ನ ತೆಗೆದು ಪಕ್ಕಕ್ಕಿಟ್ಟ, ಹಾಗಾಗಿ ನೇಗಿಲು ಹೊಡೆಯೋನು ಈ ವಾಕ್ಯ ಓದಿದ್ರೆ ಅವನಿಗೆ ನಡುವೆ ಪಾದ್ರಿ ಕಾಣ್ಸೋದೇ ಇಲ್ಲ.

ಮೋರ್ ದಡ್ಡ ಅಲ್ಲ, ಅವನ ವಾದ ಓದಿದಾಗ ನನಗೆ ಎಷ್ಟೋ ಕಡೆ ಹೌದು ಅನ್ಸುತ್ತೆ. ಪದಕ್ಕೆ ಅರ್ಥ ಬರೋದು ಜನ ಬಳಸೋ ರೀತಿಯಿಂದ, ಧಾತು ಹುಡುಕ್ಕೊಂಡು ಹೋದ್ರೆ ಆಗಲ್ಲ, ಸೀನಿಯರ್ ಅಂದ್ರೆ ಇಂಗ್ಲಿಷಲ್ಲಿ ಯಾರಿಗೂ ಏನೂ ಅರ್ಥ ಆಗಲ್ಲ ಅಂದ. ಟಿಂಡೇಲ್ ಅದನ್ನ ಒಪ್ಕೊಂಡ, 1534ರ ಆವೃತ್ತೀಲಿ ಎಲ್ಡರ್ ಅಂತ ತಿದ್ದಿದ. ವಿರೋಧಿ ಹೇಳಿದ್ದು ಸರಿ ಅನ್ಸಿದ್ರೆ ತಿದ್ದಿಕೊಳ್ಳೋ ಅನುವಾದಕನ್ನ ಕಂಡ್ರೆ ನನಗೆ ತುಂಬ ಗೌರವ. ಆದ್ರೆ ಟಿಂಡೇಲ್ ವಾಪಸ್ ಕೇಳಿದ ಒಂದು ಪ್ರಶ್ನೆಗೆ ಮೋರ್ ಹತ್ರ ಗಟ್ಟಿ ಉತ್ತರ ಇರ್ಲಿಲ್ಲ. ನಿಮ್ಮ ಪ್ರೀತಿಯ ಗೆಳೆಯ ಎರಾಸ್ಮಸ್ಸೇ ತನ್ನ ಲ್ಯಾಟಿನ್ ಅನುವಾದದಲ್ಲಿ ಎಷ್ಟೋ ಕಡೆ ಎಕ್ಲೇಸಿಯಕ್ಕೆ ಕಾಂಗ್ರೆಗೇಶಿಯೊ ಅಂತ ಹಾಕಿದಾನಲ್ಲ, ಅವನನ್ನ ಯಾಕೆ ಬಿಟ್ರಿ? ಎರಾಸ್ಮಸ್‌ಗೆ ಕೆಟ್ಟ ಉದ್ದೇಶ ಇರ್ಲಿಲ್ಲ ಅಂದ ಮೋರ್. ಅಂದ್ರೆ ಪದ ಒಂದೇ, ಲ್ಯಾಟಿನಲ್ಲಿ ಪಂಡಿತರು ಓದೋವಾಗ ತಪ್ಪಿಲ್ಲ, ಇಂಗ್ಲಿಷಲ್ಲಿ ಊರವರು ಓದೋವಾಗ ಪಾಷಂಡ ಮತ.

ಟಿಂಡೇಲ್‌ನ 1535ರಲ್ಲಿ ಆಂಟ್‌ವರ್ಪ್‌ನಲ್ಲಿ ಮೋಸದಿಂದ ಹಿಡಿದ್ರು, ಮಾರನೇ ವರ್ಷ ಕತ್ತು ಬಿಗಿದು ಕೊಂದು ದೇಹ ಸುಟ್ರು. ಆದ್ರೆ ಪದಗಳ ಕತೆ ಅಲ್ಲಿಗೆ ಮುಗೀಲಿಲ್ಲ. 1611ರಲ್ಲಿ ಜೇಮ್ಸ್ ರಾಜನ ಬೈಬಲ್ ಬಂತಲ್ಲ, ಅದರ ಅನುವಾದಕರಿಗೆ ಕೊಟ್ಟ ನಿಯಮಗಳಲ್ಲಿ ಮೂರನೇದು ಹಳೇ ಚರ್ಚ್ ಪದಗಳನ್ನೇ ಉಳಿಸ್ಬೇಕು, ಚರ್ಚ್ ಅನ್ನೋದನ್ನ ಕಾಂಗ್ರೆಗೇಶನ್ ಅಂತ ಮಾಡ್ಬಾರ್ದು ಅಂತ. ಆಗ ಇಂಗ್ಲೆಂಡಲ್ಲಿ ಪೋಪ್ ಹಿಡಿತ ಇಲ್ಲ, ಇಂಗ್ಲಿಷ್ ಬೈಬಲ್ ತಡೆಯೋರಿಲ್ಲ, ರಾಜನೇ ಚರ್ಚಿಗೆ ಯಜಮಾನ, ಆದ್ರೂ ಆ ಒಂದು ಪದ ಮಾತ್ರ ಬೇಡ. ಯಾಕಂದ್ರೆ ರಾಜನ ಬಿಷಪ್ಪರೂ ಕೂತಿದ್ದು ಚರ್ಚ್ ಅನ್ನೋ ಪದದ ಮೇಲೇನೇ. ಲವ್ ಹೋಗಿ ಕೊರಿಂಥ ಪತ್ರದ 13ನೇ ಅಧ್ಯಾಯದಲ್ಲಿ ಚಾರಿಟಿ ವಾಪಸ್ ಬಂತು. ಎಲ್ಡರ್, ರಿಪೆಂಟ್ ಎರಡೂ ಉಳ್ಕೊಂಡ್ವು. ಕ್ಯಾಥೊಲಿಕರು 1582ರಲ್ಲಿ ರೀಮ್ಸ್‌ನಲ್ಲಿ ತಂದ ಇಂಗ್ಲಿಷ್ ಹೊಸ ಒಡಂಬಡಿಕೇಲಿ ಅದೇ ಜಾಗಗಳಲ್ಲಿ ಡೂ ಪೆನನ್ಸ್ ಅಂತಾನೇ, ಪ್ರೀಸ್ಟ್ಸ್ ಅಂತಾನೇ ಇದೆ. ಯಾವುದಾದ್ರೂ ಅನುವಾದ ಯಾರ ಕೈ ಕೆಳಗೆ ಆಗಿದೆ ಅಂತ ತಿಳೀಬೇಕಾದ್ರೆ ನಾನು ಮುನ್ನುಡಿ ಓದಲ್ಲ, ಇಂಥ ನಾಲ್ಕೈದು ಜಾಗ ತೆಗೆದು ನೋಡ್ತೀನಿ.

ಕನ್ನಡದಲ್ಲಿ ನೋಡಿದ್ರೆ ಆಶ್ಚರ್ಯ ಆಗುತ್ತೆ. 19ನೇ ಶತಮಾನದ ಮೊದಲ ಭಾಗದಲ್ಲಿ ಬಳ್ಳಾರೀಲಿ ಜಾನ್ ಹ್ಯಾಂಡ್ಸ್ ಶುರು ಮಾಡಿದ ಕೆಲಸ ಆಮೇಲೆ ಹಲವರ ಕೈ ದಾಟಿ ಬಂತು. ಈಗ ಪ್ರೊಟೆಸ್ಟಂಟ್ ಮನೆಗಳಲ್ಲಿ ಇರೋ ಹಳೇ ಕನ್ನಡ ಬೈಬಲ್ ತೆಗೀರಿ, ಎಕ್ಲೇಸಿಯ ಅನ್ನೋದು 'ಸಭೆ', ಯಾಕೋಬನ ಪತ್ರ 5:14ರಲ್ಲಿ ಕಾಯಿಲೆ ಬಿದ್ದೋನು ಕರೆಸ್ಬೇಕಾದ್ದು 'ಸಭೆಯ ಹಿರಿಯರನ್ನು', ಅಗಾಪೆ 'ಪ್ರೀತಿ', ಯೋಹಾನ ಕೂಗೋದು 'ದೇವರ ಕಡೆಗೆ ತಿರುಗಿಕೊಳ್ಳಿರಿ'. ನಾಲ್ಕಕ್ಕೆ ನಾಲ್ಕೂ ಟಿಂಡೇಲ್ ದಾರಿ! ಸಭೆ ಅನ್ನೋದು ನಮಗೆ ಸಹಕಾರ ಸಂಘದ್ದೂ ಆಗ್ಬಹುದು, ಊರ ಪಂಚಾಯ್ತಿದೂ ಆಗ್ಬಹುದು, ಗ್ರೀಕರಿಗೂ ಎಕ್ಲೇಸಿಯ ಮೊದ್ಲು ಊರವರು ಸೇರೋ ಸಭೆನೇ. ಕ್ಯಾಥೊಲಿಕರು ಕನ್ನಡದಲ್ಲಿ 'ಧರ್ಮಸಭೆ' ಅಂತಾರೆ, ಅಲ್ಲೂ ಸಭೆ ಇದೆ, ಆದ್ರೆ ಮುಂದೆ ಸೇರಿದ ಆ 'ಧರ್ಮ'ದಿಂದ ಅದು ಬರೀ ಸೇರಿದ ಜನ ಆಗಿ ಉಳಿಯಲ್ಲ, ಒಂದು ವ್ಯವಸ್ಥೆ ಆಗುತ್ತೆ. ಎರಡು ಅಕ್ಷರದ ಕೆಲಸ ನೋಡಿ.

ಈಗ ಭಟ್ರ ಪೆನ್ಸಿಲಿಗೆ ಬರ್ತೀನಿ. ಅವತ್ತು ವಾಪಸ್ ಬಸ್ಸಲ್ಲಿ ಬರೋವಾಗ ನನಗೂ ಮೊದ್ಲು ಅನ್ಸಿದ್ದು ಇವರು ಮೋರ್ ಥರಾನೇ ಅಂತ, ಹೋಮ ಹೋದ್ರೆ ದಕ್ಷಿಣೆ ಹೋಗುತ್ತೆ ಅನ್ನೋ ಚಿಂತೆ ಅಂತ. ಮನೆಗೆ ಬಂದು ಮೂಲ ತೆಗೆದು ಮತ್ತೆ ಓದಿದೆ. ಟಿಂಡೇಲ್‌ಗೆ ಹಾಕಿದ ಪರೀಕ್ಷೆನೇ ನನಗೂ ಹಾಕ್ಕೋಬೇಕಲ್ಲ: ಈ ಗ್ರಂಥ ಹುಟ್ಟಿದ ಕಾಲದಲ್ಲಿ, ಇದೇ ವಾಕ್ಯದಲ್ಲಿ, ಆ ಪದ ಏನು ಹೇಳ್ತಿತ್ತು? ಮತ್ತಾಯನ ಗ್ರೀಕಲ್ಲಿ ಸಂಸ್ಕಾರ ಇಲ್ಲ, ಅದು ಆಮೇಲೆ ಬಂದು ಕೂತಿದ್ದು, ಅದಕ್ಕೆ ಟಿಂಡೇಲ್ ಸರಿ. ಆದ್ರೆ ಉಪನಯನದ ವಿಧಿ ಹೇಳೋ ಪ್ರಯೋಗ ಗ್ರಂಥದಲ್ಲಿ ಜಾತಕರ್ಮ, ನಾಮಕರಣ, ಚೌಲ ಇವು ಆಯಾ ಕಾಲಕ್ಕೆ ಆಗದೆ ಹೋಗಿದ್ರೆ ಅದಕ್ಕೆ ಪ್ರಾಯಶ್ಚಿತ್ತ ಮಾಡಿ ಮುಂದಕ್ಕೆ ಹೋಗ್ಬೇಕು ಅಂತ ಬರುತ್ತೆ, ಅಲ್ಲಿ ಮನಸ್ಸಿನ ಮಾತೇ ಇಲ್ಲ, ಆಹುತಿ ಕೊಡೋದು, ದಾನ ಕೊಡೋದು, ಇಂಥ ಮಂತ್ರಕ್ಕೆ ಇಂಥದ್ದು ಅಂತ ಕ್ರಿಯೆ ಹೇಳಿದೆ. ನಾನು ಬರೆದಿದ್ದು ಓದೋಕೆ ಚೆನ್ನಾಗಿತ್ತು, ಆದ್ರೆ ಅದು ನನ್ನ ಕಾಲದ ಮನಸ್ಸನ್ನ ಆ ವಾಕ್ಯದೊಳಗೆ ತುರುಕಿದ್ದು. ಭಟ್ರು ಸರಿ ಇದ್ರು.

ಮಾರನೇ ದಿನ ಫೋನ್ ಮಾಡಿ ಹೇಳಿದೆ, ಪ್ರಾಯಶ್ಚಿತ್ತ ಅನ್ನೋ ಪದಾನೇ ಉಳಿಸ್ತೀನಿ, ಪಕ್ಕದಲ್ಲಿ 'ಕಾಲ ಮೀರಿದ ಕರ್ಮಗಳಿಗಾಗಿ ಈಗ ಮಾಡುವ ಹೋಮ ಮತ್ತು ದಾನ' ಅಂತ ಒಂದು ಸಾಲು ಹಾಕ್ತೀನಿ ಅಂತ. "ಹಾಂ, ಅದು ಸರಿ ಆಯ್ತು" ಅಂದ್ರು. ಆಮೇಲೆ ಸ್ವಲ್ಪ ತಡೆದು, "ದಾನದ ಹತ್ರ ಎಷ್ಟು ಕೊಡ್ಬೇಕು ಅಂತ ಬರೀಬೇಡಿ ಮತ್ತೆ" ಅಂದ್ರು. ಮೂಲದಲ್ಲೂ ಆ ಜಾಗದಲ್ಲಿ 'ಯಥಾಶಕ್ತಿ' ಅಂತಷ್ಟೇ ಇತ್ತು. ಅದನ್ನ 'ಕೈಲಾದಷ್ಟು' ಅಂತ ಬರೆದು ಪ್ರಿಂಟಿಗೆ ಕೊಟ್ಟೆ.